ಸ್ಪ್ರಿಂಟ್ ಬೋರ್ಡ್ ಓದುವ ಕ್ರಮ: ಗಡುವು ತಪ್ಪಿಸಲಿರುವ ಕಾರ್ಡನ್ನು ಮೂರು ದಿನ ಮೊದಲೇ ಗುರುತಿಸುವುದು

ಪ್ರತಿ ಸ್ಪ್ರಿಂಟ್‌ನ ಕೊನೆಯ ಶುಕ್ರವಾರ ಒಂದೇ ಮಾತು ಕೇಳಿಬರುತ್ತದೆ: "ಇದು ನಿನ್ನೆಯವರೆಗೂ ಸರಿಯಾಗಿಯೇ ಇತ್ತಲ್ಲ?" ಬೋರ್ಡನ್ನು ದಿನವೂ ನೋಡಿದವರೇ ಹೀಗೆ ಕೇಳುತ್ತಾರೆ. ಕಾರ್ಡ್ ಎಲ್ಲಿದೆ ಎಂದು ಅವರು ನೋಡಿರುತ್ತಾರೆ, ಅಲ್ಲಿಗೆ ಬಂದು ಎಷ್ಟು ದಿನವಾಯಿತು ಎಂದು ನೋಡಿರುವುದಿಲ್ಲ. ಹಾಗಾಗಿ ಎಡತುದಿಯ ಟು ಡೂ ಕಾಲಂನಲ್ಲಿರುವ ಕಾರ್ಡ್‌ಗಳ ಬಗ್ಗೆ ಗಾಬರಿಯಾಗುತ್ತಾರೆ, ಬಲಗಡೆ ರಿವ್ಯೂನಲ್ಲಿ ನಾಲ್ಕು ದಿನದಿಂದ ಅಲುಗಾಡದೆ ಕುಳಿತಿರುವುದನ್ನು "ಮುಗಿದ ಹಾಗೆಯೇ" ಎಂದು ಲೆಕ್ಕ ಹಾಕುತ್ತಾರೆ.

ಕೆಳಗಿನ ಕ್ರಮ ಹತ್ತು ಕೆಲಸದ ದಿನಗಳ ಸ್ಪ್ರಿಂಟ್‌ಗೆ, ಜಿರಾದಂಥ ಸಾಧನದಲ್ಲಿರುವ ಬೋರ್ಡ್‌ಗೆ ಬರೆದದ್ದು. ಉದಾಹರಣೆಗೆ ನಾನು ನೋಡಿಕೊಳ್ಳುತ್ತಿದ್ದ ಒಂದು ಪಾವತಿ ಆ್ಯಪ್ ತಂಡದ ಬೋರ್ಡನ್ನೇ ತೆಗೆದುಕೊಂಡಿದ್ದೇನೆ. ಐದು ಮಂದಿ ಡೆವಲಪರ್‌ಗಳು, ಒಬ್ಬರೇ ಟೆಸ್ಟರ್. ಕಾಲಂಗಳು ಐದು: ಟು ಡೂ, ಇನ್ ಪ್ರೋಗ್ರೆಸ್, ರಿವ್ಯೂ, ಟೆಸ್ಟಿಂಗ್, ಡನ್.

## ಕೈಯಲ್ಲಿ ಏನಿರಬೇಕು

ಕಳೆದ ಎರಡು ಮೂರು ಸ್ಪ್ರಿಂಟ್‌ಗಳಲ್ಲಿ ಮುಗಿದ ಇಪ್ಪತ್ತು ಕಾರ್ಡ್‌ಗಳ ದಿನಾಂಕಗಳು, ತಂಡದ ರಜೆಯ ಪಟ್ಟಿ, ಒಂದು ಹಾಳೆ ಮತ್ತು ಪೆನ್ಸಿಲ್. ಮೊದಲ ಸಲಕ್ಕೆ ಒಂದು ಗಂಟೆ ಬೇಕು, ಆಮೇಲೆ ಇಪ್ಪತ್ತು ನಿಮಿಷ ಸಾಕು. ಬರ್ನ್‌ಡೌನ್ ನಕ್ಷೆ ಈ ಕೆಲಸಕ್ಕೆ ಬೇಡ. ಉಳಿದ ಕೆಲಸ ಒಟ್ಟು ಎಷ್ಟು ಎಂದು ಅದು ಹೇಳುತ್ತದೆಯೇ ಹೊರತು ಯಾವ ಕಾರ್ಡ್ ಸಿಕ್ಕಿಕೊಂಡಿದೆ ಎಂದು ಹೇಳುವುದಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಒಮ್ಮೆ, ಏಳನೆಯ ದಿನ ಬೆಳಿಗ್ಗೆ ಒಮ್ಮೆ ಓದಿ. ಒಂಬತ್ತನೆಯ ದಿನ ಓದಿದರೆ ಕೆಟ್ಟ ಸುದ್ದಿ ತಿಳಿಯುತ್ತದೆ, ಆದರೆ ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ.

## ಹಂತ 1: ನಿಜವಾದ ಗಡುವು ಯಾವುದೆಂದು ಗೊತ್ತುಮಾಡಿ

ಬೋರ್ಡ್ ಮೇಲೆ ಬರೆದಿರುವ ಮುಕ್ತಾಯ ದಿನಾಂಕ ಬಹುತೇಕ ಸುಳ್ಳು. ನಮ್ಮ ಸ್ಪ್ರಿಂಟ್ ಶುಕ್ರವಾರ ಮುಗಿಯುತ್ತಿತ್ತು, ಆದರೆ ಬಿಡುಗಡೆಯ ಬಿಲ್ಡ್‌ಗೆ ಕೋಡ್ ಸೇರಿಸುವುದು ಗುರುವಾರ ಸಂಜೆಯೇ ನಿಲ್ಲುತ್ತಿತ್ತು. ಶುಕ್ರವಾರ ಟೆಸ್ಟಿಂಗ್ ದಾಟಿದ ಕಾರ್ಡ್ ಬೋರ್ಡ್‌ನಲ್ಲಿ ಡನ್ ಆಗುತ್ತದೆ, ಗ್ರಾಹಕನ ಮೊಬೈಲ್‌ಗೆ ಹೋಗುವುದಿಲ್ಲ.

ಆದ್ದರಿಂದ ಮೊದಲು ಕೇಳಬೇಕಾದದ್ದು, ಯಾವ ಗಳಿಗೆಯ ನಂತರ ಮುಗಿದರೆ ಪ್ರಯೋಜನವಿಲ್ಲ ಎಂದು. ಅಲ್ಲಿಂದ ಹಿಂದಕ್ಕೆ ಕೆಲಸದ ದಿನಗಳನ್ನು ಎಣಿಸಿ, ರಜೆಗಳನ್ನು ಕಳೆಯಿರಿ. ಟೆಸ್ಟರ್ ಬುಧವಾರ ಅರ್ಧ ದಿನ ರಜೆ ಎಂದರೆ ಅದು ಇಡೀ ತಂಡದ ಅರ್ಧ ದಿನ. ನಾನು ಬೋರ್ಡ್ ಓದಿದ್ದು ಏಳನೆಯ ದಿನ, ಎರಡನೆಯ ವಾರದ ಮಂಗಳವಾರ ಬೆಳಿಗ್ಗೆ. ಯಾರದ್ದೂ ರಜೆ ಇರಲಿಲ್ಲ. ಉಳಿದದ್ದು ಮಂಗಳ, ಬುಧ, ಗುರು: ಮೂರು ದಿನ. ಬೋರ್ಡ್ ನಾಲ್ಕು ಎನ್ನುತ್ತಿತ್ತು.

## ಹಂತ 2: ನಿಮ್ಮ ತಂಡದ್ದೇ ಅಳತೆಗೋಲು ಮಾಡಿಕೊಳ್ಳಿ

ಕಾರ್ಡ್ ಹಳೆಯದಾಗಿದೆ ಎನ್ನಲು ಎಷ್ಟು ದಿನ ಸಹಜ ಎಂದು ಗೊತ್ತಿರಬೇಕು. ಅದನ್ನು ಅಂದಾಜಿನಿಂದ ಹೇಳಬೇಡಿ, ಬೇರೆ ತಂಡದಿಂದ ಎರವಲು ತರಬೇಡಿ. ಮುಗಿದ ಇಪ್ಪತ್ತು ಕಾರ್ಡ್‌ಗಳ ಇತಿಹಾಸ ತೆರೆದು ಪ್ರತಿ ಕಾಲಂಗೆ ಎರಡು ಸಂಗತಿ ಬರೆದುಕೊಳ್ಳಿ: ಆ ಕಾಲಂನಲ್ಲಿ ಎಷ್ಟು ಕೆಲಸದ ದಿನ ಇತ್ತು, ಆ ಕಾಲಂ ಸೇರಿದಂದಿನಿಂದ ಡನ್ ಆಗುವವರೆಗೆ ಎಷ್ಟು ದಿನ ಹಿಡಿಯಿತು.

ಈಗ ಪ್ರತಿಯೊಂದನ್ನೂ ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ ಹದಿನೇಳನೆಯ ಸಂಖ್ಯೆಯನ್ನು ಆರಿಸಿ. ಇಪ್ಪತ್ತರಲ್ಲಿ ಹದಿನೇಳು ಕಾರ್ಡ್, ಅಂದರೆ ಶೇಕಡಾ 85ರಷ್ಟು, ಅಷ್ಟರೊಳಗೆ ಮುಗಿದಿವೆ ಎಂದರ್ಥ. ಸರಾಸರಿ ಇಲ್ಲಿ ಕೆಲಸಕ್ಕೆ ಬಾರದು. ಅರ್ಧದಿನದಲ್ಲಿ ಮುಗಿದ ಪುಟ್ಟ ಕಾರ್ಡ್‌ಗಳು ಸರಾಸರಿಯನ್ನು ಕೆಳಕ್ಕೆಳೆದು ಸುಳ್ಳು ಧೈರ್ಯ ಕೊಡುತ್ತವೆ.

ನಮ್ಮ ತಂಡಕ್ಕೆ ಬಂದ ಅಳತೆ ಹೀಗಿತ್ತು:

| ಕಾಲಂ | ಆ ಕಾಲಂನಲ್ಲಿ ಕಳೆಯುವ ದಿನ | ಅಲ್ಲಿಂದ ಡನ್ ಆಗಲು ಬೇಕಾದ ದಿನ |
|---|---|---|
| ಇನ್ ಪ್ರೋಗ್ರೆಸ್ | 4 | 6 |
| ರಿವ್ಯೂ | 1 | 3 |
| ಟೆಸ್ಟಿಂಗ್ | 2 | 2 |

ಕೊನೆಯ ಅಂಕಣವನ್ನು ನಡುವಿನ ಅಂಕಣದ ಮೊತ್ತದಿಂದ ಪಡೆಯಲು ಹೋಗಬೇಡಿ. ನಾಲ್ಕು, ಒಂದು, ಎರಡು ಕೂಡಿದರೆ ಏಳಾಗುತ್ತದೆ, ಅಳೆದಾಗ ಸಿಕ್ಕಿದ್ದು ಆರು. ಒಂದೇ ಕಾರ್ಡ್ ಎಲ್ಲ ಕಾಲಂಗಳಲ್ಲೂ ನಿಧಾನವಾಗುವುದು ಅಪರೂಪ, ಹಾಗಾಗಿ ಪ್ರತ್ಯೇಕವಾಗಿ ಅಳೆಯಲೇಬೇಕು.

## ಹಂತ 3: ಬಲದಿಂದ ಎಡಕ್ಕೆ ಓದಿ, ವಯಸ್ಸು ಬರೆಯಿರಿ

ಡನ್ ಪಕ್ಕದ ಕಾಲಂನಿಂದ ಶುರುಮಾಡಿ ಎಡಕ್ಕೆ ಬನ್ನಿ. ಎಡದಿಂದ ಓದಿದರೆ ಟು ಡೂನಲ್ಲೇ ಮಾತು ಬೆಳೆದು ಸಮಯ ಮುಗಿಯುತ್ತದೆ. ಇನ್ನೂ ಕೆಲಸ ಹಿಡಿಯದ ಕಾರ್ಡನ್ನು ಈಗಲೂ ತೆಗೆದುಹಾಕಬಹುದು, ನಾಲ್ಕು ದಿನದ ದುಡಿಮೆ ಸುರಿದ ಕಾರ್ಡ್ ತಪ್ಪಿದರೆ ಅದರ ನಷ್ಟವೇ ಬೇರೆ.

ಪ್ರತಿ ಕಾರ್ಡ್‌ನ ಪಕ್ಕದಲ್ಲಿ ಅದು ಈ ಕಾಲಂಗೆ ಬಂದು ಎಷ್ಟು ಕೆಲಸದ ದಿನವಾಯಿತೆಂದು ಬರೆಯಿರಿ. ಕಾರ್ಡ್‌ಗಳು ಹೆಚ್ಚಿದ್ದರೆ ಮೂರು ಕೆಲಸದ ದಿನದಿಂದ ಜಾಗ ಬದಲಿಸದವನ್ನು ಜಿರಾದ ಹುಡುಕಾಟದಲ್ಲಿ ಹೀಗೆ ಹೆಕ್ಕಬಹುದು:

```
sprint in openSprints() AND statusCategory = "In Progress"
AND NOT status CHANGED AFTER -5d
```

ಇಲ್ಲಿ `-5d` ಏಕೆಂದರೆ ಈ ಹುಡುಕಾಟ ಕ್ಯಾಲೆಂಡರ್ ದಿನಗಳನ್ನು ಎಣಿಸುತ್ತದೆ. ಮಂಗಳವಾರ ಬೆಳಿಗ್ಗೆ ಮೂರು ಕೆಲಸದ ದಿನ ಹಿಂದಕ್ಕೆ ಹೋಗಬೇಕಾದರೆ ಶನಿವಾರ, ಭಾನುವಾರ ಸೇರಿ ಐದು ದಿನ. ಇದನ್ನು ಮರೆತು `-3d` ಎಂದು ಬರೆದರೆ ಶುಕ್ರವಾರ ಕಾಲಂಗೆ ಬಂದ ಕಾರ್ಡ್‌ಗಳೂ ಪಟ್ಟಿಗೆ ಸೇರುತ್ತವೆ. ನೀವು ಸುಮ್ಮನೆ ಇಬ್ಬರನ್ನು ಗದರಿಸಿ ಆಮೇಲೆ ಕ್ಷಮೆ ಕೇಳಬೇಕಾಗುತ್ತದೆ. ನಾನು ಕೇಳಿದ್ದೇನೆ.

ಈಗ ಹೋಲಿಸುವ ನಿಯಮ. ಕಾರ್ಡ್ ತನ್ನ ಕಾಲಂನ ಸಹಜ ದಿನಗಳೊಳಗೆ ಇದ್ದರೆ, ಡನ್‌ಗೆ ಬೇಕಾದ ದಿನಗಳಿಂದ ಅದರ ವಯಸ್ಸನ್ನು ಕಳೆಯಿರಿ. ಸಹಜ ದಿನ ಮೀರಿದ್ದರೆ ಏನನ್ನೂ ಕಳೆಯಬೇಡಿ, ಇಂದು ಬೆಳಿಗ್ಗೆಯೇ ಆ ಕಾಲಂಗೆ ಬಂದಿದೆ ಎಂದು ಲೆಕ್ಕ ಹಾಕಿ. ರಿವ್ಯೂನಲ್ಲಿ ಮೂರು ದಿನ ಕುಳಿತ ಕಾರ್ಡ್ ರಿವ್ಯೂನ ಮೂರು ದಿನದ ಕೆಲಸ ಮುಗಿಸಿಲ್ಲ, ಮೂರು ದಿನ ಸುಮ್ಮನಿತ್ತು, ಅಷ್ಟೇ. ಬಂದ ಉತ್ತರ ಉಳಿದ ದಿನಗಳಷ್ಟೇ ಇದ್ದರೆ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅನುಮಾನದ ಪಟ್ಟಿಗೆ ಸೇರಿಸಿ.

ಆ ಮಂಗಳವಾರ ನಮ್ಮಲ್ಲಿ ಮುಗಿಯದೆ ಉಳಿದದ್ದು ಏಳು ಕಾರ್ಡ್. ಟೆಸ್ಟಿಂಗ್‌ನಲ್ಲಿ ಮೂರು: PAY-45 ಮತ್ತು PAY-46 ಸೋಮವಾರ ಬೆಳಿಗ್ಗೆ ಬಂದವು, PAY-38 ಸೋಮವಾರ ಸಂಜೆ. ರಿವ್ಯೂನಲ್ಲಿ ಒಂದು: ಎಸ್‌ಎಂಎಸ್ ಸೂಚನೆಯ PAY-44, ಗುರುವಾರ ಬೆಳಿಗ್ಗೆಯಿಂದ. ಇನ್ ಪ್ರೋಗ್ರೆಸ್‌ನಲ್ಲಿ ಎರಡು: ಮರುಪಾವತಿಯ PAY-41 ಐದು ದಿನದಿಂದ, ಹೊಸ ಬ್ಯಾಂಕ್ ಜೋಡಣೆಯ PAY-49 ಎರಡು ದಿನದಿಂದ. ಟು ಡೂನಲ್ಲಿ ಒಂದು: ರಸೀದಿಯಲ್ಲಿ ಕನ್ನಡದ ಒತ್ತಕ್ಷರ ಒಡೆದು ಕಾಣುವುದನ್ನು ಸರಿಪಡಿಸುವ PAY-47.

ನಿಯಮದ ಪ್ರಕಾರ 45, 46 ನಿರಾತಂಕ. 38 ಕೂಡ ನಿರಾತಂಕವಾಗಿ ಕಂಡಿತು. 44 ರಿವ್ಯೂನ ಒಂದು ದಿನ ಮೀರಿದೆ, ಆದ್ದರಿಂದ ಪೂರ್ತಿ ಮೂರು ದಿನ ಬೇಕು, ಇರುವುದೂ ಮೂರೇ: ಅನುಮಾನ. 41ಕ್ಕೆ ಆರು ದಿನ, 49ಕ್ಕೆ ಆರರಲ್ಲಿ ಎರಡು ಕಳೆದು ನಾಲ್ಕು: ಎರಡೂ ಅನುಮಾನ. 47 ಇನ್ನೂ ಶುರುವೇ ಆಗಿಲ್ಲ, ಲೆಕ್ಕಕ್ಕೆ ಆರು ದಿನ. ಆದರೆ ಅಳತೆಗೋಲಿನ ಮಿತಿ ಕಾಣುವುದೂ ಇಲ್ಲೇ. ಇಪ್ಪತ್ತು ಕಾರ್ಡ್‌ಗಳಲ್ಲಿ ದೊಡ್ಡವೂ ಚಿಕ್ಕವೂ ಬೆರೆತಿರುತ್ತವೆ. ಫಾಂಟ್ ಬದಲಿಸುವಂಥ ಕೆಲಸವನ್ನು ಅದೇ ಬಗೆಯ ಹಳೆಯ ಎರಡು ಮೂರು ಕಾರ್ಡ್‌ಗಳ ಜೊತೆಗೆ ಮಾತ್ರ ಹೋಲಿಸಿ. ನಮ್ಮಲ್ಲಿ ಅಂಥವು ಎರಡು ದಿನದಲ್ಲಿ ಮುಗಿದಿದ್ದವು.

## ಹಂತ 4: ಎಳೆಯವರಂತೆ ಕಾಣುವ ಹಳೆಯ ಕಾರ್ಡ್‌ಗಳನ್ನು ಹುಡುಕಿ

ಕಾಲಂ ಬದಲಾದಾಗಲೆಲ್ಲ ವಯಸ್ಸಿನ ಎಣಿಕೆ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ಇದು ಈ ವಿಧಾನದ ದೊಡ್ಡ ಕುರುಡು. ಟೆಸ್ಟಿಂಗ್‌ಗೆ ಹೋಗಿ, ದೋಷ ಸಿಕ್ಕಿ, ಹಿಂದಕ್ಕೆ ಬಂದು, ಮತ್ತೆ ಟೆಸ್ಟಿಂಗ್‌ಗೆ ಹೋದ ಕಾರ್ಡ್ ನಿನ್ನೆ ಬಂದ ಹೊಸಬನಂತೆ ಕುಳಿತಿರುತ್ತದೆ. ಹೀಗೆ ಹಿಂದಿರುಗಿದವನ್ನು ಹುಡುಕುವುದು ಸುಲಭ:

```
sprint in openSprints() AND statusCategory != Done
AND status CHANGED FROM "Testing" TO "In Progress"
```

ಹಿಂದಿನ ಸ್ಪ್ರಿಂಟ್‌ನಿಂದ ಉಳಿದು ಬಂದವನ್ನು ಹುಡುಕಲು:

```
sprint in openSprints() AND sprint in closedSprints()
AND statusCategory != Done
```

ಕಾಲಂಗಳ ಹೆಸರು ನಿಮ್ಮ ಬೋರ್ಡ್‌ನಲ್ಲಿ ಬೇರೆ ಇದ್ದರೆ ಉದ್ಧರಣ ಚಿಹ್ನೆಯೊಳಗೆ ಅದನ್ನೇ ಬರೆಯಿರಿ.

ನಮ್ಮ PAY-38 ಎರಡೂ ಪಟ್ಟಿಯಲ್ಲಿ ಸಿಕ್ಕಿತು. ಹಿಂದಿನ ಸ್ಪ್ರಿಂಟ್‌ನಿಂದ ಬಂದದ್ದು, ಟೆಸ್ಟಿಂಗ್‌ನಿಂದ ಎರಡು ಸಲ ವಾಪಸಾದದ್ದು. ಇಂಥ ಕಾರ್ಡ್‌ನ ಟಿಪ್ಪಣಿಗಳನ್ನು ಓದಲೇಬೇಕು. ಎರಡೂ ಸಲ ಒಂದೇ ಜಾಗದಲ್ಲಿ ದೋಷ ಬಂದಿದ್ದರೆ ಡೆವಲಪರ್ ಅದರ ಬೇರು ಹಿಡಿದಿಲ್ಲ. ಬೇರೆ ಬೇರೆ ಜಾಗದಲ್ಲಿ ಬಂದಿದ್ದರೆ ಏನು ಮಾಡಬೇಕೆಂಬುದೇ ಸ್ಪಷ್ಟವಾಗಿ ಬರೆದಿಲ್ಲ. 38ರಲ್ಲಿ ಎರಡನೆಯದು: ಮೊದಲ ಸಲ ಮೊತ್ತ ದುಂಡಾಗಿಸುವ ಲೆಕ್ಕ, ಎರಡನೆಯ ಸಲ ರದ್ದಾದ ಪಾವತಿ. ಮೂರನೆಯ ಸಲ ಮತ್ತೇನಾದರೂ ಬರುತ್ತದೆಂದು ನಾನು ಅದನ್ನು ಹಂತ 7ರಲ್ಲಿ ಹೇಳುವ ಕೆಂಪು ಗುರುತಿಗೆ ಸೇರಿಸಿದೆ. ಬೋರ್ಡ್ ಮೇಲೆ ಅದು ಡನ್‌ಗೆ ಒಂದೇ ಹೆಜ್ಜೆ ದೂರದಲ್ಲಿತ್ತು.

## ಹಂತ 5: ಇಕ್ಕಟ್ಟಾದ ಬಾಗಿಲಿನ ಮುಂದಿನ ಸರತಿ ಎಣಿಸಿ

ಒಂದೊಂದು ಕಾರ್ಡನ್ನೂ ಬಿಡಿಯಾಗಿ ನೋಡಿದಾಗ ಎಲ್ಲವೂ ಮುಗಿಯುವಂತೆ ಕಂಡರೂ ಒಟ್ಟಾಗಿ ಮುಗಿಯದೆ ಹೋಗಬಹುದು. ಏಳು ಕಾರ್ಡೂ ಒಬ್ಬರೇ ಟೆಸ್ಟರ್ ಕೈಯಿಂದ ಹಾಯಬೇಕಲ್ಲ.

ಹಿಂದಿನ ಮೂರು ಸ್ಪ್ರಿಂಟ್‌ಗಳಲ್ಲಿ ಟೆಸ್ಟಿಂಗ್ ದಾಟಿದ ಕಾರ್ಡ್‌ಗಳು 14, 13, 15. ಮೂವತ್ತು ದಿನಕ್ಕೆ 42, ದಿನಕ್ಕೆ 1.4. ಮೂರು ದಿನಕ್ಕೆ ನಾಲ್ಕು ಚಿಲ್ಲರೆ. ಸರತಿಯಲ್ಲಿರುವುದು ಏಳು. ಅಂದರೆ ಯಾರು ಎಷ್ಟೇ ಬೆವರು ಸುರಿಸಿ ಕೋಡ್ ಬರೆದರೂ ಎರಡು ಮೂರು ಕಾರ್ಡ್ ಹೊರಗುಳಿಯುತ್ತವೆ. ಇಲ್ಲಿಂದ ಮುಂದೆ ಪ್ರಶ್ನೆಯೇ ಬದಲಾಗುತ್ತದೆ. ಯಾವುದು ತಪ್ಪುತ್ತದೆ ಎಂದು ಕಾಯುವ ಬದಲು ಯಾವುದನ್ನು ತಪ್ಪಿಸುವುದು ಎಂದು ನಾವೇ ಆರಿಸಬಹುದು.

ಬೋರ್ಡ್ ತೋರಿಸದ ಇನ್ನೊಂದು ಸರತಿ ರಿವ್ಯೂ ಮಾಡುವವರದು. ಕಾರ್ಡ್ ಮೇಲಿನ ಚಿತ್ರ ಕೋಡ್ ಬರೆದವರದ್ದೇ ಆಗಿರುತ್ತದೆ, ರಿವ್ಯೂ ಮಾಡಬೇಕಾದವರ ಹೆಸರು ಪುಲ್ ರಿಕ್ವೆಸ್ಟ್ ಒಳಗೆ ಅಡಗಿರುತ್ತದೆ. ವ್ಯಕ್ತಿವಾರು ಸಾಲುಗಳಾಗಿ ವಿಂಗಡಿಸಿ ನೋಡಿದರೂ ಇದು ಕಾಣುವುದಿಲ್ಲ. ರಿವ್ಯೂ ಕಾಲಂನ ಪ್ರತಿ ಕಾರ್ಡ್‌ನ ಪುಲ್ ರಿಕ್ವೆಸ್ಟ್ ತೆರೆದು ಆ ಹೆಸರನ್ನು ನಿಮ್ಮ ಹಾಳೆಯಲ್ಲಿ ಬರೆದುಕೊಳ್ಳಿ.

44ರದ್ದನ್ನು ತೆರೆದೆ. ಒಂಬೈನೂರು ಸಾಲಿನ ಬದಲಾವಣೆ, ಒಂದೂ ಟಿಪ್ಪಣಿ ಇಲ್ಲ. ರಿವ್ಯೂ ಮಾಡಬೇಕಿದ್ದವರು ಯಾರೆಂದು ನೋಡಿದರೆ 41ರಲ್ಲಿ ಐದು ದಿನದಿಂದ ಮುಳುಗಿದ್ದ ಅದೇ ಹಿರಿಯ ಡೆವಲಪರ್. ಎರಡು ಬೇರೆ ಬೇರೆ ತೊಂದರೆಗಳೆಂದು ಕಂಡದ್ದು ಒಂದೇ ತೊಂದರೆಯಾಗಿತ್ತು.

## ಹಂತ 6: ಅನುಮಾನದ ಕಾರ್ಡ್‌ಗಳ ಬಗ್ಗೆ ಮಾತ್ರ ಕೇಳಿ

ಸಂಖ್ಯೆ ಅನುಮಾನ ಹುಟ್ಟಿಸಬಲ್ಲದು, ತೀರ್ಪು ಕೊಡಲಾರದು. ಪಟ್ಟಿಯಲ್ಲಿ ಉಳಿದವರ ಹತ್ತಿರ ಹೋಗಿ ಮಾತಾಡಿ, ಸ್ಟ್ಯಾಂಡಪ್‌ನಲ್ಲಿ ಎಲ್ಲರೆದುರು ಬೇಡ. "ಎಷ್ಟು ಶೇಕಡಾ ಮುಗಿಯಿತು?" ಎಂದಂತೂ ಕೇಳಬೇಡಿ. ಉತ್ತರ ತೊಂಬತ್ತು ಎಂದೇ ಬರುತ್ತದೆ, ಮರುದಿನವೂ ತೊಂಬತ್ತೇ. ಕೇಳಬೇಕಾದದ್ದು: ಇನ್ನು ಏನೇನು ಉಳಿದಿದೆ, ಅದರಲ್ಲಿ ನಿಮ್ಮ ಕೈಯಲ್ಲಿ ಇಲ್ಲದ್ದು ಯಾವುದು?

41ರ ಬಗ್ಗೆ ಆ ಹಿರಿಯರನ್ನು ಕೇಳಿದೆ. "ಮೂರು ಭಾಗ ಇದ್ದವು ಸರ್, ಎರಡು ಮುಗಿದು ಸೇರಿಯಾಗಿದೆ. ಮೂರನೆಯದನ್ನು ಮಧ್ಯಾಹ್ನ ರಿವ್ಯೂಗೆ ಕೊಡುತ್ತೇನೆ" ಎಂದರು. ಉಳಿದದ್ದನ್ನು ಬೆರಳು ಮಡಿಸಿ ಎಣಿಸಬಲ್ಲವರ ಮಾತನ್ನು ನಂಬಬಹುದು. ಅತಿ ಹಳೆಯದಾಗಿ ಕಂಡ ಈ ಕಾರ್ಡ್ ಹಳದಿಗೆ ಇಳಿಯಿತು.

49ರ ಹುಡುಗಿಯನ್ನು ಕೇಳಿದೆ. "ಕೋಡ್ ಎಲ್ಲಾ ಸಿದ್ಧವಿದೆ ಸರ್. ಬ್ಯಾಂಕ್‌ನವರು ಪರೀಕ್ಷಾ ಕೀ ಕಳಿಸಿದ ಕೂಡಲೇ ಓಡಿಸಿ ನೋಡಬಹುದು."

"ಯಾವಾಗ ಕಳಿಸುತ್ತಾರಂತೆ?"

"ಶುಕ್ರವಾರ ಮೇಲ್ ಹಾಕಿದ್ದೇನೆ."

ಅದು ಉತ್ತರವಲ್ಲ. ಆ ಕಡೆ ಯಾರೂ ದಿನಾಂಕ ಕೊಟ್ಟಿಲ್ಲ, ಕಾರ್ಡ್ ಮೇಲೆ ತಡೆಯ ಬಾವುಟವೂ ಇಲ್ಲ. ಎರಡೇ ದಿನ ವಯಸ್ಸಿನ ಈ ಕಾರ್ಡ್ ಇಡೀ ಬೋರ್ಡ್‌ನಲ್ಲಿ ಅತ್ಯಂತ ಅಪಾಯದ್ದಾಗಿತ್ತು. ಮಾತಿನಲ್ಲಿ ಈ ಮೂರು ಲಕ್ಷಣ ಕಂಡರೆ ಕೆಂಪು ಎಂದೇ ತಿಳಿಯಿರಿ: "ಕೂಡಲೇ" ಎಂಬ ಪದದ ಹಿಂದೆ ಹೊರಗಿನವರ ಹೆಸರು ಬರುವುದು, ಉಳಿದ ಕೆಲಸವನ್ನು ಎಣಿಸಲಾಗದೆ "ಸ್ವಲ್ಪ" ಎನ್ನುವುದು, ನಿನ್ನೆಯ ಉತ್ತರವೇ ಇಂದೂ ಬರುವುದು.

## ಹಂತ 7: ಗುರುತು ಹಾಕಿ, ಅದೇ ದಿನ ಹೇಳಿ

ಹಾಳೆಯ ಮೇಲೆ ಮೂರೇ ಗುರುತು ಸಾಕು. ಹಸಿರು: ಬಿಟ್ಟುಬಿಡಿ. ಹಳದಿ: ಇಂತಿಂಥ ಹೊತ್ತಿಗೆ ಇಂತಿಂಥ ಕಾಲಂಗೆ ಹೋಗದಿದ್ದರೆ ಕೆಂಪು. ಕೆಂಪು: ಇಂದೇ ತೀರ್ಮಾನ ಬೇಕು. ಹಳದಿಗೆ ಗಂಟೆ ನಮೂದಿಸದಿದ್ದರೆ ಅದು ಗುರುವಾರದವರೆಗೂ ಹಳದಿಯಾಗಿಯೇ ಇರುತ್ತದೆ. ಆದ್ಯತೆಯ ಬಣ್ಣದೊಂದಿಗೆ ಇದನ್ನು ಬೆರೆಸಬೇಡಿ. ಆದ್ಯತೆ ಹೇಳುವುದು ತಪ್ಪಿದರೆ ಎಷ್ಟು ನಷ್ಟ ಎಂಬುದನ್ನು, ಈ ಗುರುತು ಹೇಳುವುದು ತಪ್ಪುವ ಸಂಭವ ಎಷ್ಟು ಎಂಬುದನ್ನು.

ಹಾಳೆ ಹಿಡಿದು ಪ್ರಾಡಕ್ಟ್ ಓನರ್ ಬಳಿ ಹೋದೆ. ಟೆಸ್ಟಿಂಗ್‌ನಲ್ಲಿ ನಾಲ್ಕಕ್ಕೆ ಮಾತ್ರ ಜಾಗ, 45 ಮತ್ತು 46 ಒಳಗಿವೆ, ಉಳಿದ ಎರಡು ಯಾವುದು ಎಂದು ಕೇಳಿದೆ. ಮರುಪಾವತಿ ಮತ್ತು ಎಸ್‌ಎಂಎಸ್ ಬೇಕೇಬೇಕು ಎಂದರು. 49ನ್ನು ಅಲ್ಲೇ ಸ್ಪ್ರಿಂಟ್‌ನಿಂದ ಹೊರತೆಗೆದೆವು. ಅದರ ಡೆವಲಪರ್‌ಗೆ 44ರ ರಿವ್ಯೂ ಕೊಟ್ಟೆವು, ಪುಲ್ ರಿಕ್ವೆಸ್ಟನ್ನು ಎರಡಾಗಿ ಒಡೆಸಿದೆವು. 38ನ್ನು ಟೆಸ್ಟಿಂಗ್ ಸರತಿಯ ಕೊನೆಗೆ ತಳ್ಳಿದೆವು.

41 ಮಂಗಳವಾರ ಎರಡು ಗಂಟೆಗೆ ರಿವ್ಯೂಗೆ ಹೋಯಿತು, 44 ಬುಧವಾರ ಮಧ್ಯಾಹ್ನ ಟೆಸ್ಟಿಂಗ್‌ಗೆ. ಗುರುವಾರ ಸಂಜೆ ಬಿಲ್ಡ್ ಮುಚ್ಚುವಾಗ 45, 46, 41, 44 ಒಳಗಿದ್ದವು. ನಾನು ಕೈಬಿಟ್ಟಿದ್ದ 47 ಕೂಡ ಸೇರಿತ್ತು: ಟೆಸ್ಟರ್ ಊಟದ ಮುಂಚೆ ಅರ್ಧ ಗಂಟೆಯಲ್ಲಿ ರಸೀದಿ ತೆರೆದು ಒತ್ತಕ್ಷರ ನೋಡಿ ಮುಗಿಸಿದ್ದರು. ಸರತಿಯ ಲೆಕ್ಕಕ್ಕೆ ಪುಟ್ಟ ಕಾರ್ಡ್‌ಗಳು ಹೀಗೆ ನುಸುಳುವುದು ಗೊತ್ತಿಲ್ಲ. ಟೆಸ್ಟರ್‌ರನ್ನೇ ಮೊದಲು ಕೇಳಿದ್ದರೆ ನನಗೆ ಗೊತ್ತಾಗುತ್ತಿತ್ತು.

38 ಗುರುವಾರ ಬೆಳಿಗ್ಗೆ ಮೂರನೆಯ ಸಲ ಹಿಂದಕ್ಕೆ ಬಂತು, ಈ ಸಲ ಭಾಗಶಃ ಪಾವತಿಯಲ್ಲಿ. ಅದನ್ನು ಮುಂದಿನ ಸ್ಪ್ರಿಂಟ್‌ಗೆ ಹಾಗೆಯೇ ಎಳೆದು ಹಾಕಲಿಲ್ಲ. ಟೆಸ್ಟರ್ ಮತ್ತು ಡೆವಲಪರ್ ಇಬ್ಬರೂ ಕುಳಿತು ಯಾವ ಯಾವ ಬಗೆಯ ಪಾವತಿಗೆ ಏನಾಗಬೇಕೆಂದು ಒಂದು ಪಟ್ಟಿ ಬರೆಯುವವರೆಗೆ ಅದನ್ನು ಬೋರ್ಡ್‌ನಿಂದ ಹೊರಗಿಟ್ಟೆವು. ಪಟ್ಟಿಯಲ್ಲಿ ಹನ್ನೊಂದು ಬಗೆ ಬಂದವು. ಕಾರ್ಡ್ ಮೇಲೆ ಬರೆದಿದ್ದದ್ದು ಮೂರು.